ಹನ್ನೆರಡು ಸ್ಲೈಡು, ಹದಿನೈದು ನಿಮಿಷ

ಹೋದ ವಾರ ಬ್ಯಾಡಗಿಯ ಗೆಳತಿಯೊಬ್ಬಳು ನಮ್ಮ ವಾಟ್ಸಾಪಿಗೆ ಒಂದು ಫೈಲ್ ಹಾಕಿದಳು. ಒಣಮೆಣಸಿನಕಾಯಿ ಬಗ್ಗೆ ಹನ್ನೆರಡು ಸ್ಲೈಡಿನ ರೂಪರೇಷೆ. ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ.

ಹಿಂದೊಮ್ಮೆ ಇಂಥದ್ದೇ ಬಂದಾಗ ನಾವು ಕಾಗುಣಿತ ತಿದ್ದಿ ವಾಪಸ್ ಕಳಿಸಿದ್ದೆವು. ಆತ ಮಾತಾಡುವಾಗ ಅರ್ಧದಲ್ಲೇ ಟೈಮ್ ಮುಗಿದು ಕೂತುಬಿಟ್ಟ. ಆ ಕಾಗುಣಿತ ಯಾರೂ ನೋಡಲಿಲ್ಲ.

ಅದಕ್ಕೇ ಈ ಸಲ ಮೊದಲು ಕೇಳಿದೆವು: ಎದುರಿಗೆ ಯಾರು ಕೂತಿರ್ತಾರೆ? ಎಷ್ಟು ನಿಮಿಷ? ಮನೆಗೆ ಹೋಗಿ ಅವರು ಏನು ಮಾಡಬೇಕು?

"ರಾಣೆಬೆನ್ನೂರಾಗ ರೈತರ ಸಭೆ ಐತಿ ಅಣ್ಣಾರ. ಹದಿನೈದು ನಿಮಿಷ ಕೊಟ್ಟಾರ. ಕಾಯಿ ಕೆಡದಂಗ ಒಣಗಸ್ಲಿ ಅಂತ" ಎಂದಳು.

ಆಮೇಲೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ, ಸಭೆಯಲ್ಲಿ ಹೇಳುವ ಹಾಗೆ ಪ್ರತಿ ಸ್ಲೈಡನ್ನೂ ಬಾಯಿಬಿಟ್ಟು ಓದಿದೆವು. ಕಣ್ಣಲ್ಲಿ ಓದಿದರೆ ಟೈಮ್ ಸುಳ್ಳು ಹೇಳುತ್ತದೆ. ಹೆಸರು, ಪರಿಚಯ, 2011ರಲ್ಲಿ ಸಿಕ್ಕ ಜಿಐ ಮಾನ್ಯತೆ, ಡಬ್ಬಿ ಮತ್ತು ಕಡ್ಡಿ ಕಾಯಿ, ಅದರ ಬಣ್ಣ, ಆ ಬಣ್ಣ ಎಲ್ಲೆಲ್ಲಿ ಬಳಸುತ್ತಾರೆ ಅನ್ನೋದು, ಈ ಆರು ಸ್ಲೈಡಿಗೇ ಎಂಟು ನಿಮಿಷ ಹೋಯಿತು. ಉಳಿದ ಆರಕ್ಕೆ ಏಳು ನಿಮಿಷ. ಒಣಗಿಸುವುದಕ್ಕೆ ಸಿಕ್ಕಿದ್ದು ನಲವತ್ತೇ ಸೆಕೆಂಡ್! ಪ್ರಶ್ನೆ ಕೇಳಲು ಒಂದು ನಿಮಿಷವೂ ಇಲ್ಲ.

ನಂತರ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಾಗ "ಅದಕ್ಕೇ" ಅಥವಾ "ಆಮೇಲೆ" ಅಂತ ಹೇಳಿ ನೋಡಿದೆವು. ಆ ಮಾತು ಕೂಡದ ಕಡೆ ನಡುವೆ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಎರಡು ಕಡೆ ಸಿಕ್ಕಿಬಿದ್ದಿತು. "ಒಣಗಿಸಿ" ಆದ ಮೇಲೆ ಸೀದಾ "ವಿಂಗಡಿಸಿ" ಅಂತಿತ್ತು. ಒಣಗಿದ್ದು ಗೊತ್ತಾಗೋದು ಹೇಗೆ? ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ತೊಟ್ಟಿನ ಬುಡದಲ್ಲಿ ಹಸಿ ಇರಬಾರದು, ತೇವ ನೂರಕ್ಕೆ ಹತ್ತರ ಹತ್ತಿರ ಇರಬೇಕು. ಹಸಿ ಉಳಿದರೆ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಇದೇ ಬಿಟ್ಟುಹೋಗಿತ್ತು. ಹಾಗೆಯೇ ಮಾರುಕಟ್ಟೆ ಆದ ಮೇಲೆ ಕೋಲ್ಡ್ ಸ್ಟೋರೇಜ್ ಬಂದಿತ್ತು. ಈಗಲೇ ಮಾರುವುದೋ, ಬಾಡಿಗೆ ಕೊಟ್ಟು ಇಡುವುದೋ ಅನ್ನೋ ಲೆಕ್ಕ ಇರಲಿಲ್ಲ.

ಪ್ರಶ್ನೆಗಳಿಗೆ ಮೂರು ನಿಮಿಷ ತೆಗೆದಿಟ್ಟು, ಉಳಿದ ಹನ್ನೆರಡನ್ನು ಹೀಗೆ ಹಂಚಿದೆವು: "ಒಂದೇ ಹೊಲದ ಎರಡು ಚೀಲಕ್ಕೆ ಎರಡು ರೇಟ್ ಯಾಕೆ?" ಅನ್ನೋ ಪ್ರಶ್ನೆಗೆ ಒಂದು, ಬಣ್ಣಕ್ಕೆ ಎರಡು, ಬಿಡಿಸುವುದಕ್ಕೆ ಎರಡು, ಒಣಗಿಸುವುದಕ್ಕೆ ಮೂರು, ವಿಂಗಡಣೆಗೆ ಎರಡು, ಮಾರುವ-ಇಡುವ ಲೆಕ್ಕಕ್ಕೆ ಎರಡು. ಜಿಐ ಮಾತು ಬಣ್ಣದ ಸ್ಲೈಡಿನಲ್ಲೇ ಒಂದು ಸಾಲಾಯಿತು. "ಧನ್ಯವಾದ" ಸ್ಲೈಡ್ ತೆಗೆಸಿದೆವು. ಪ್ರಶ್ನೆ ಕೇಳುವಾಗ ಪರದೆ ಮೇಲೆ ಒಣಗಿಸುವ ಸ್ಲೈಡೇ ಇರಲಿ ಎಂದೆವು.

ಸ್ಲೈಡಿನೊಳಗಿನ ಅವಳ ಮಾತು ನಾವು ಮುಟ್ಟಲಿಲ್ಲ. ರೇಟ್, ಬಾಡಿಗೆ ಎಷ್ಟೆಂದು ನಾವು ತುಂಬಲಿಲ್ಲ, ಆ ಜಾಗ ಖಾಲಿ ಬಿಟ್ಟು ಗುರುತು ಹಾಕಿದೆವು. ಅವನ್ನು ಸಭೆಯ ಹಿಂದಿನ ದಿನ ಅವಳೇ ಕೇಳಿ ಬರೆಯಬೇಕು.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಹನ್ನೆರಡೂವರೆ ನಿಮಿಷಕ್ಕೆ ಮುಗಿಸಿದಳು. ಮೊದಲ ಪ್ರಶ್ನೆ ಒಬ್ಬ ಅಜ್ಜಂದು: "ತೊಟ್ಟಿನ ಬುಡ ಹಸಿ ಐತೇನು ಅಂತ ಹೆಂಗ ನೋಡ್ಬೇಕವಾ?" ಅವಳು ಚೀಲದಿಂದ ಒಂದು ಕಾಯಿ ತೆಗೆದು ಅವರ ಕೈಗೇ ಕೊಟ್ಟಳು.