ಈ ಕೈ ನಂದಲ್ಲ

ನಾನು ತೆಗೆದ ಜಿಮ್ ಜಾಹೀರಾತಿನ ಫೋಟೋ ನೋಡಿ ಟ್ರೇನರ್ ಹುಡುಗ ಮೆಲ್ಲಗೆ ಅಂದ, "ಸಾರ್, ಈ ಕೈ ನಂದಲ್ಲ."

ನಿಜ. ಡಂಬೆಲ್ ತಲೆ ಮೇಲೆತ್ತಿ ಕೈ ನೇರ ಮಾಡಿದಾಗ ದುಡಿಯೋದು ಭುಜ ಮತ್ತು ತೋಳಿನ ಹಿಂಬದಿಯ ಟ್ರೈಸೆಪ್ಸ್. ನಾನು ಫೋಟೋಶಾಪಿನಲ್ಲಿ ಬೈಸೆಪ್ಸ್ ಉಬ್ಬಿಸಿದ್ದೆ. ಸಾಲದ್ದಕ್ಕೆ 24 ಎಂಎಂ ಲೆನ್ಸ್ ಹಿಡಿದು ತೀರಾ ಹತ್ತಿರ ನಿಂತಿದ್ದೆ, ಮುಷ್ಟಿ ತಲೆಯಷ್ಟು ದೊಡ್ಡದಾಗಿತ್ತು.

ಮರುದಿನ 85 ಎಂಎಂ ಹಾಕಿ ದೂರ ನಿಂತೆ. ಮೊಣಕೈ ಮಡಚಿ ಕರ್ಲ್ ಮಾಡಿಸಿದೆ, ಬೈಸೆಪ್ಸ್ ತಾನಾಗೇ ಉಬ್ಬಿತು. ಬೆವರಿಗೆ ಗ್ಲಿಸರಿನ್, ನೀರು ಸಮಸಮ ಬೆರೆಸಿ ಸ್ಪ್ರೇ ಮಾಡಿದೆ. ಬರೀ ನೀರಾದರೆ ಹನಿ ನಿಲ್ಲಲ್ಲ. (ಅಂಗೈಗೆ ಮಾತ್ರ ತಾಗಬಾರದು, ಡಂಬೆಲ್ ಜಾರತ್ತೆ!) ಶಟರ್ 1/15 ಸೆಕೆಂಡ್ ತೆರೆದಿಟ್ಟು, ಮುಚ್ಚುವ ಮುಂಚೆ ಫ್ಲಾಶ್ ಹೊಡೆದೆ. ಕೈ ಸ್ಪಷ್ಟವಾಗಿ ಬಂತು, ಅದು ಬಂದ ದಾರಿ ಹಿಂದೆ ಮಸುಕಾಗಿ ಉಳಿಯಿತು.

ಆ ಫೋಟೋನ ಅವನು ಅಲ್ಲೇ ನಿಂತು ಅಮ್ಮನಿಗೆ ವಾಟ್ಸಾಪ್ ಮಾಡಿದ.