ಸಂತಾಪ ಪತ್ರದ ಕನ್ನಡ

ಸಾವಿನ ಸುದ್ದಿ ಬರೆಯುವುದು ನಮಗೆ ನಿತ್ಯದ ಕೆಲಸ. ಹೆಸರು, ವಯಸ್ಸು, ಊರು, ‘ಮೃತರಿಗೆ ಪತ್ನಿ, ಇಬ್ಬರು ಪುತ್ರಿಯರು ಇದ್ದಾರೆ’, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ. ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅದೇ ಪತ್ನಿಗೆ, ಅದೇ ಪುತ್ರಿಯರಿಗೆ ಪತ್ರ ಬರೆಯಲು ಕೂತರೆ ಈ ಕನ್ನಡದ ಅರ್ಧ ಪದಗಳು ಕೆಲಸಕ್ಕೆ ಬರುವುದಿಲ್ಲ.

ನಮ್ಮ ತಾಲ್ಲೂಕಿನ ಹಿರಿಯ ಸ್ಟ್ರಿಂಗರ್ ಒಬ್ಬರು ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ನಾವೆಲ್ಲ ಭಾಯ್ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನದ ನಮಾಜಿನ ನಂತರ ದಫನ್ ಮಾಡಿದರು. ಸಂಜೆಯೊಳಗೆ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉರಿಯುವ ದೀಪದ ಚಿತ್ರ, ‘ಓಂ ಶಾಂತಿ’, ‘ಮತ್ತೆ ಹುಟ್ಟಿ ಬಾ ಅಣ್ಣ’ ಎಲ್ಲ ಬಂದವು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಕೈಗೆ ಸಿಕ್ಕಿದ್ದನ್ನು ಕಳಿಸಿದ್ದಾರೆ ಅಷ್ಟೆ. ಆದರೆ ಸತ್ತವರು ಮತ್ತೆ ಹುಟ್ಟಿ ಬರುತ್ತಾರೆಂದು ನಂಬದ ಮನೆಗೆ ಆ ಮಾತು ಏನು ತಲುಪಿಸೀತು?

ಮನೆಗೆ ಒಂದು ಪತ್ರ ಕೊಡೋಣ ಎಂದಾಯಿತು. ಬರೀ ಔಪಚಾರಿಕತೆ ಅಲ್ಲ, ಕಾರಣವೂ ಇತ್ತು. ಭಾಯ್ ಹೆಂಡತಿ ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರು ಮನೆಯಲ್ಲೇ ಇರುತ್ತಾರೆ, ಹೊರಗಿನ ಗಂಡಸರು ಹೋಗಿ ಎದುರು ಕೂತು ಮಾತಾಡುವ ಹಾಗಿಲ್ಲ. ನಾವು ಹೇಳಬೇಕಾದದ್ದನ್ನು ಕಾಗದವೇ ಹೇಳಬೇಕು. ಅದನ್ನು ಓದಿ ಹೇಳುವವಳು ಪಿಯುಸಿ ಓದುವ ದೊಡ್ಡ ಮಗಳು. ಅಜ್ಜಿಗೆ ಉರ್ದು ಬಿಟ್ಟು ಬೇರೆ ಓದಲು ಬಾರದು, ಕನ್ನಡ ಕೇಳಿದರೆ ತಿಳಿಯುತ್ತದೆ. ಹೀಗಾಗಿ ಆ ಹುಡುಗಿ ತಡವರಿಸದೆ ಓದುವ ಹಾಗಿರಬೇಕು ಎಂಬುದನ್ನೇ ನಾನು ಅಳತೆಗೋಲು ಮಾಡಿಕೊಂಡೆ.

ಗುಂಪಿನ ಹಿರಿಯರೊಬ್ಬರು ಕೊಟ್ಟ ಮಾದರಿ ಹೀಗಿತ್ತು: ‘ಕ್ರೂರ ವಿಧಿಯಾಟಕ್ಕೆ ಬಲಿಯಾಗಿ ಅಕಾಲಿಕ ಮರಣ ಹೊಂದಿದ ಮೃತರ ಅಗಲಿಕೆಯು ಪತ್ರಿಕಾರಂಗಕ್ಕೆ ತುಂಬಲಾರದ ನಷ್ಟವಾಗಿದ್ದು, ಸ್ವರ್ಗಸ್ಥರ ಆತ್ಮಕ್ಕೆ ಸದ್ಗತಿ ದೊರಕಲೆಂದು ಪ್ರಾರ್ಥಿಸುತ್ತ ದುಖಃತಪ್ತ ಕುಟುಂಬಕ್ಕೆ ಸಂತಾಪ ಕೋರುತ್ತೇವೆ.’

ಉಸಿರು ಬಿಡಲು ಜಾಗವಿಲ್ಲ. ಮೊದಲು ತಪ್ಪುಗಳನ್ನು ನೋಡೋಣ. ‘ದುಖಃ’ ಅಲ್ಲ, ವಿಸರ್ಗ ಮೊದಲ ಅಕ್ಷರಕ್ಕೆ: ದುಃಖ. ‘ಕೋರು’ ಎಂದರೆ ಬೇಡು, ಬಯಸು. ಶುಭ ಕೋರಬಹುದು, ಕ್ಷಮೆ ಕೋರಬಹುದು. ಸಂತಾಪ ನಮ್ಮೊಳಗಿನ ನೋವು, ಅದನ್ನು ತಿಳಿಸುತ್ತೇವೆ ಅಥವಾ ಸೂಚಿಸುತ್ತೇವೆ. ‘ತುಂಬಲಾರದ ನಷ್ಟ’ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ, ನಿಜ. ಆದರೆ ‘ಆರದ’ ಎನ್ನುವುದು ಮಾಡುವವನ ಅಶಕ್ತಿ. ನಡೆಯಲಾರದ ಮುದುಕ ಎಂದಂತೆ. ನಷ್ಟ ತಾನೇ ಏನನ್ನೂ ತುಂಬುವುದಿಲ್ಲವಲ್ಲ, ಅದನ್ನು ತುಂಬಲು ಆಗುವುದಿಲ್ಲ. ಹಾಗಾಗಿ ತುಂಬಲಾಗದ ನಷ್ಟ. ಇದರ ಜೊತೆ ‘ಸ್ವಾಂತನ’, ‘ಶೃದ್ಧಾಂಜಲಿ’ ಎಂದೂ ಬರೆಯುವವರಿದ್ದಾರೆ. ಸಾಂತ್ವನ, ಶ್ರದ್ಧಾಂಜಲಿ ಸರಿ. ಶ್ರದ್ಧಾಂಜಲಿ ಸಲ್ಲುವುದು ತೀರಿಕೊಂಡವರಿಗೆ, ಸಂತಾಪ ತಲುಪುವುದು ಉಳಿದವರಿಗೆ. ಮನೆಗೆ ಹೋಗುವ ಪತ್ರದಲ್ಲಿ ಎರಡನೆಯದೇ ಮುಖ್ಯ.

ಕಾಗುಣಿತ ತಿದ್ದುವುದು ಸುಲಭ. ಕಷ್ಟ ಇದ್ದದ್ದು ಪದಗಳ ಒಳಗೆ ಕೂತ ನಂಬಿಕೆಗಳಲ್ಲಿ. ‘ಸ್ವರ್ಗಸ್ಥ’, ‘ಸದ್ಗತಿ’ ಒಂದು ಮನೆಯ ಮಾತು. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯ ಎನ್ನುವ ಹಾಗೆ. ‘ದಿವಂಗತ’ ಎಲ್ಲರಿಗೂ ಸಲ್ಲುವ ಸರ್ಕಾರಿ ಪದದಂತೆ ಕಾಣುತ್ತದೆ, ಅದರ ಅರ್ಥವೂ ಸ್ವರ್ಗಕ್ಕೆ ಹೋದವನು ಎಂದೇ. ಬಳಕೆಯಲ್ಲಿ ಸವೆದಿರುವುದರಿಂದ ಯಾರೂ ಬೇಸರಿಸಲಾರರು, ಆದರೂ ಬೇಕಾಗಿರಲಿಲ್ಲ, ಬಿಟ್ಟೆ. ‘ಕ್ರೂರ ವಿಧಿ’ ಅದಕ್ಕಿಂತ ಒರಟು. ಎಲ್ಲವೂ ದೇವರ ಇಚ್ಛೆ ಎಂದು ಒಪ್ಪಿಕೊಂಡು ಕೂತವರ ಮುಂದೆ ಆ ಇಚ್ಛೆಯನ್ನೇ ಕ್ರೂರ ಎಂದಂತಾಗುತ್ತದೆ. ‘ಅಕಾಲಿಕ’ವೂ ಹಾಗೆಯೇ, ಹೊತ್ತು ಬಾರದೆ ಯಾರೂ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಹಾಗೆ ನೋಡಿದರೆ ಹಿಂದೂ ಮನೆಗಳಿಗೂ ಅಕಾಲ ಮರಣ ಎಂಬ ಮಾತು ಹಿಡಿಸುವುದಿಲ್ಲ. ‘ಹಠಾತ್’ ಎಂದರೆ ಸಾಕು, ಅದು ನಡೆದದ್ದನ್ನಷ್ಟೇ ಹೇಳುತ್ತದೆ.

ಒಬ್ಬ ಗೆಳೆಯ ಅರಬ್ಬಿ ವಾಕ್ಯ ಹಾಕೋಣ, ‘ಮರ್ಹೂಮ್’ ಎಂದು ಬರೆಯೋಣ ಎಂದ. ನಾನು ಒಪ್ಪಲಿಲ್ಲ. ಅದು ಅವರ ಬಂಧುಗಳ ಬಾಯಲ್ಲಿ ಸಹಜ, ನಮ್ಮ ಕೈಯಲ್ಲಿ ವೇಷ ಹಾಕಿದಂತೆ. ‘ದೇವರು’ ಎಂಬ ಪದವನ್ನು ಭಾಯ್ ತಾವೇ ದಿನಕ್ಕೆ ಹತ್ತು ಸಲ ಆಡುತ್ತಿದ್ದರು. ಅದೇ ಸಾಕಾಯಿತು.

ಇನ್ನು ‘ಮೃತರು’. ವರದಿಯಲ್ಲಿ ಅದಿಲ್ಲದೆ ನಡೆಯದು. ಹೆಂಡತಿ ಕೇಳುವ ಪತ್ರದಲ್ಲಿ ಅದು ಪಂಚನಾಮೆಯ ಮಾತು. ‘ಸಾವನ್ನಪ್ಪಿದ’ ಅಪಘಾತದ ಪುಟದ್ದು. ‘ನಿಧನರಾದ’ ಗೌರವದ್ದು. ಒಮ್ಮೆ ಬಳಸಿ, ಮುಂದೆ ‘ಅವರು’ ಎನ್ನುತ್ತ ಹೋದರೆ ಸಾಕು. ‘ಶ್ರೀಮತಿ’ ಎಂದು ಕರೆಯಬಹುದೇ ಎಂದೂ ಒಬ್ಬರು ಕೇಳಿದರು. ಧಾರಾಳವಾಗಿ ಕರೆಯಬಹುದು. ಗಂಡ ತೀರಿದರೆ ಬಿಡಬೇಕಾದದ್ದು ಹಳೆಯ ಪತ್ರಗಳ ‘ಸೌ.’, ಅಂದರೆ ಸೌಭಾಗ್ಯವತಿ. ‘ಶ್ರೀಮತಿ’ ಹಾಗೇ ಉಳಿಯುತ್ತದೆ.

ಪತ್ರದ ನಡುವೆ ಏನು ಬರೆಯಬೇಕು ಎಂಬುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ‘ಪತ್ರಿಕಾರಂಗಕ್ಕೆ ನಷ್ಟ’ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಭಾಯ್‌ಗೆ ನೇಮಕಾತಿ ಪತ್ರ ಇರಲಿಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂದು ಹಣ. ಹದಿನಾಲ್ಕು ವರ್ಷ ಅವರು ಮಾಡಿದ್ದು ಏನು ಎಂದು ಹೇಳುವ ಒಂದು ಕಾಗದವೂ ಆ ಮನೆಯಲ್ಲಿಲ್ಲ. ಅದನ್ನು ನಾವು ಬರೆಯಬೇಕಿತ್ತು. ಕೊನೆಗೆ ಹೋದದ್ದು ಇದು:

‘ಮಾನ್ಯ ಶ್ರೀಮತಿ … ಅವರಿಗೆ, ನಮಸ್ಕಾರ.

ನಿಮ್ಮ ಪತಿ ಹಠಾತ್ತನೆ ನಿಧನರಾದದ್ದು ನಮಗೆಲ್ಲ ಬಹಳ ದುಃಖ ತಂದಿದೆ. ನಿಮಗೂ ಮಕ್ಕಳಿಗೂ ಅವರ ತಾಯಿಯವರಿಗೂ ನಮ್ಮ ಸಂತಾಪ ತಿಳಿಸುತ್ತೇವೆ.

ಅವರು ಹದಿನಾಲ್ಕು ವರ್ಷ ಈ ತಾಲ್ಲೂಕಿನ ವರದಿಗಾರರಾಗಿದ್ದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಾರದಿದ್ದಾಗ ಅಲ್ಲಿಗೆ ಹೋಗಿ ಅವರು ತೆಗೆದ ಚಿತ್ರಗಳನ್ನು ರೈತರು ಈಗಲೂ ನೆನೆಯುತ್ತಾರೆ. ಹೊಸಬರಾದ ನಮಗೆ ಕ್ಯಾಮೆರಾ ಹಿಡಿಯಲು ಕಲಿಸಿದವರೂ ಅವರೇ.

ಅವರ ಕ್ಯಾಮೆರಾ ಮತ್ತು ಚಿತ್ರಗಳು ನಮ್ಮ ಬಳಿ ಭದ್ರವಾಗಿವೆ. ನೀವು ಹೇಳಿದ ದಿನ ತಲುಪಿಸುತ್ತೇವೆ. ಈ ಪತ್ರಕ್ಕೆ ಉತ್ತರ ಬರೆಯಬೇಕಾಗಿಲ್ಲ.

ದೇವರು ಅವರಿಗೆ ಶಾಂತಿಯನ್ನೂ ನಿಮ್ಮೆಲ್ಲರಿಗೆ ಸಹನೆಯನ್ನೂ ಕೊಡಲಿ.’

‘ಸದಾ ನಿಮ್ಮ ಜೊತೆಗಿರುತ್ತೇವೆ’ ಎಂಬ ಸಾಲನ್ನು ನಾನೇ ಹೊಡೆದುಹಾಕಿದೆ. ಮಾಡಲಾಗುವುದನ್ನು ಮಾತ್ರ ಬರೆದರೆ ಆಯಿತು. ಪತ್ರಿಕೆಯಿಂದ ಬರಬೇಕಿದ್ದ ಮೂರು ತಿಂಗಳ ಸಂಭಾವನೆಯ ವಿಷಯವನ್ನೂ ಇದರಲ್ಲಿ ಸೇರಿಸಲಿಲ್ಲ. ಮಗಳು ಅಜ್ಜಿಯ ಮುಂದೆ ಓದುವಾಗ ನಡುವೆ ದುಡ್ಡಿನ ಲೆಕ್ಕ ಬರಬಾರದು. ಅದಕ್ಕೆ ಬೇರೆ ಹಾಳೆ ಮಾಡಿ ಭಾಯ್ ತಮ್ಮನ ಕೈಗೆ ಕೊಟ್ಟೆವು. ಪತ್ರಕರ್ತರು ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆಯ ವಿವರವನ್ನೂ ಅದರಲ್ಲೇ ಬರೆದೆವು. ಅದಕ್ಕೆ ಸಂತಾಪ ಪತ್ರ ದಾಖಲೆಯಾಗುವುದಿಲ್ಲ, ಕೆಲಸ ಮಾಡಿದ್ದಕ್ಕೆ ಬೇರೆ ಪುರಾವೆ ಬೇಕು. ಅವರ ಹೆಸರಿನಲ್ಲಿ ಅಚ್ಚಾದ ಸುದ್ದಿಗಳ ಹಳೆಯ ಪುಟಗಳನ್ನು ಈಗ ಒಟ್ಟು ಮಾಡುತ್ತಿದ್ದೇವೆ.

ಪತ್ರವನ್ನು ಟೈಪ್ ಮಾಡಿಸಲಿಲ್ಲ, ನಮ್ಮಲ್ಲಿ ದುಂಡಗೆ ಬರೆಯುವವನಿಂದ ಬಿಳಿ ಹಾಳೆಯಲ್ಲಿ ಬರೆಸಿದೆವು. ಹನ್ನೊಂದು ಜನ ಸಹಿ ಹಾಕಿದೆವು. ಎಲ್ಲರೂ ಫೋನ್ ನಂಬರ್ ಬರೆಯಲು ಹೊರಟಿದ್ದರು, ಒಂದೇ ಸಾಕು ಎಂದು ತಮ್ಮನಿಗೆ ಪರಿಚಯವಿದ್ದವರದ್ದು ಮಾತ್ರ ಹಾಕಿದೆವು.