ಮುಷ್ಟಿಯಲ್ಲಿ ಅಕ್ಷತೆ, ಬಾಯಲ್ಲಿ ಎರಡು ಮಾತು

ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಪಿಂಚಣಿಯ ಜೊತೆಗೆ ಇನ್ನೊಂದು ಸವಲತ್ತು ತಾನಾಗಿಯೇ ಸಿಗುತ್ತದೆ. ಬಂಧುಬಳಗದಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ‘ಎರಡು ಮಾತು’ ಅವನ ಪಾಲಿಗೆ. ಪುರೋಹಿತರಿಗೆ ದಕ್ಷಿಣೆ, ಅಡುಗೆಯವರಿಗೆ ಮುಂಗಡ, ಮೇಷ್ಟ್ರಿಗೆ ಮಾತು. ಮಾತಿನ ನಡುವೆ ಒಂದೆರಡು ವಚನ, ಒಂದು ದಾಸರ ಪದ, ಆದರೆ ಒಂದು ತ್ರಿಪದಿ ಇರಲಿ ಎಂಬ ಅಪೇಕ್ಷೆಯೂ ಉಂಟು. ಕೇಳಿದರೆ ಸುಲಭವೆನಿಸುತ್ತದೆ. ಕೂತು ಹುಡುಕಿದಾಗಲೇ ಗೊತ್ತಾಗುವುದು, ನಮ್ಮ ಭಕ್ತಕವಿಗಳಿಗೆ ಮನೆ ಕಂಡರೆ ಅಷ್ಟಕ್ಕಷ್ಟೆ.

ಪುರಂದರದಾಸರನ್ನೇ ತೆಗೆದುಕೊಳ್ಳಿ. ಮನೆಯ ಮೇಲೆ ಅವರದೊಂದು ಪದ ಎಲ್ಲರಿಗೂ ಬಾಯಿಪಾಠ. ರಾಗವೂ ಹಿತ, ಪಲ್ಲವಿಯಲ್ಲಿ ‘ಮನೆ’ ಎಂಬ ಮಾತೂ ಇದೆ. ಆದರೆ ಆ ಪದ ಹೇಳುವುದೇನು? ನಮ್ಮ ನಿಜವಾದ ಮನೆ ಹರಿಯ ಹತ್ತಿರ, ಇಲ್ಲಿಯದು ಬರೀ ತಂಗುದಾಣ, ಕದ ಬಾಗಿಲು ಇಟ್ಟುಕೊಂಡ ಈ ಮನೆಯೇ ಸುಳ್ಳು, ಮಾಳಿಗೆ ಮನೆಯನ್ನು ನೆಚ್ಚಬೇಡ ಎಂದು. ಇಪ್ಪತ್ತು ವರ್ಷದ ಗೃಹಸಾಲ ಹೊತ್ತವನ ಎದುರು ಇದನ್ನು ಹಾಡಿದರೆ ಅವನ ಮುಖ ಹೇಗಾಗಬೇಡ? ಬಸವಣ್ಣನವರ ಪ್ರಸಿದ್ಧ ವಚನವೊಂದು ಹೊಸ್ತಿಲಲ್ಲಿ ಹುಲ್ಲು ಬೆಳೆದ, ಒಳಗೆಲ್ಲ ಧೂಳು ತುಂಬಿದ ಮನೆಯನ್ನು ತೋರಿಸಿ, ಒಡೆಯ ಇದ್ದಾನೋ ಇಲ್ಲವೋ ಎಂದು ಕೇಳುತ್ತದೆ. ಅದು ದೇಹಕ್ಕೂ ಮನಸ್ಸಿಗೂ ಕೇಳಿದ ಪ್ರಶ್ನೆ, ನಿಜ. ಆದರೆ ಸೈಟು ಕೊಂಡು ಮನೆ ಕಟ್ಟಿಸಿ ಬೀಗ ಹಾಕಿಕೊಂಡು ಅಮೆರಿಕಕ್ಕೆ ಹೊರಟಿರುವವನ ಮುಂದೆ ಹೇಳಿದರೆ ಬೇರೆಯೇ ಅರ್ಥ ಹೊರಡುತ್ತದೆ.

ಎಲ್ಲಕ್ಕಿಂತ ಅಪಾಯದವರು ಶಿಶುನಾಳ ಷರೀಫರು. ಮಾಳಿಗೆ ಸೋರುವ ಅವರ ತತ್ವಪದವನ್ನು ಸಿ. ಅಶ್ವತ್ಥ್ ಹಾಡಿದ ಮೇಲೆ ಅದನ್ನು ಗುನುಗದವರಿಲ್ಲ. ನಾನು ಹೋಗಿದ್ದ ಒಂದು ಗೃಹಪ್ರವೇಶದಲ್ಲಿ ಕಂಠ ಚೆನ್ನಾಗಿರುವ ಹಿರಿಯರೊಬ್ಬರು ತುಂಬು ಭಕ್ತಿಯಿಂದ ಅದನ್ನೇ ಎತ್ತಿಕೊಂಡರು. ಮಳೆಗಾಲ ಬೇರೆ. ಮನೆಯೊಡೆಯ ತಾರಸಿ ನೋಡಿದ, ಪಕ್ಕದಲ್ಲಿದ್ದ ಕಂಟ್ರಾಕ್ಟರು ನೆಲ ನೋಡಿದ. ಹಾಡು ಮುಗಿಯುವಷ್ಟರಲ್ಲಿ ಬಂದವರೆಲ್ಲ ಮೂಲೆ ಮೂಲೆಯಲ್ಲಿ ತೇವ ಹುಡುಕುತ್ತಿದ್ದರು. ಪದದಲ್ಲಿ ತಪ್ಪಿಲ್ಲ. ಅಜ್ಞಾನದಿಂದ ಶಿಥಿಲವಾದ ಬಾಳನ್ನು ಷರೀಫರು ಅಲ್ಲಿ ಸೋರುವ ಮಾಳಿಗೆಯಾಗಿ ಕಂಡಿದ್ದಾರೆ. ಆ ಅರ್ಥ ಬಿಚ್ಚಿಕೊಳ್ಳಲು ಸಾವಕಾಶ ಬೇಕು. ಹಸಿದ ಹೊಟ್ಟೆಯಲ್ಲಿ ನಿಂತಿರುವವರಿಗೆ ಕೇಳಿಸುವುದು ಸೋರುವ ಮಾಳಿಗೆ ಮಾತ್ರ.

ಹಾಗಾದರೆ ಸರ್ವಜ್ಞ? ಬೆಚ್ಚಗಿನ ಮನೆ, ಕೈತುಂಬ ದುಡ್ಡು, ಮನಸ್ಸರಿತ ಹೆಂಡತಿ ಇದ್ದರೆ ಸ್ವರ್ಗವೂ ಬೇಡ ಎನ್ನುವ ತ್ರಿಪದಿ ಗೃಹಪ್ರವೇಶಗಳ ರಾಷ್ಟ್ರಗೀತೆಯೇ ಆಗಿಹೋಗಿದೆ. ಅದನ್ನೇ ಹೇಳಿಬಿಡೋಣ ಎಂದುಕೊಂಡಿದ್ದೆ, ಕಳೆದ ವರ್ಷ ತುಮಕೂರಿನಲ್ಲಿ ನನ್ನ ಅಕ್ಕನ ಮಗಳು ಮನೆ ಕಟ್ಟಿಸಿದಾಗ. ಆದರೆ ಆ ಮನೆಯ ಯಜಮಾನಿ ಅವಳೇ. ಮದುವೆಯಾಗಿಲ್ಲ. ಭಾವನವರು ತೀರಿಕೊಂಡು ಬಹಳ ಕಾಲವಾಯಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಅವಳು, ಅಕ್ಕ, ಒಂದು ನಾಯಿ. ಸರ್ವಜ್ಞನ ಆ ಮಾತು ಗಂಡಸಿನ ಬಾಯಲ್ಲಿ, ಗಂಡಸಿನ ಸುಖಕ್ಕೆಂದು ಹುಟ್ಟಿದ್ದು. ಅಲ್ಲಿ ಹೇಳಿದರೆ ಅಕ್ಕ ಕಣ್ಣೊರೆಸಿಕೊಳ್ಳುತ್ತಾಳೆ, ನೆಂಟರು ವರನ ಮಾತೆತ್ತುತ್ತಾರೆ. ಸೊಸೆಯಾದವಳು ಮೊದಲೇ ಎಚ್ಚರಿಸಿದ್ದಳು: “ಮಾವ, ಎರಡು ಮಾತು ಅಂದ್ರೆ ಎರಡೇ. ಮದುವೆ ವಿಷಯ ಬರಬಾರದು.”

ಮನೆ ತುಂಬುವ ದಿನ ಹರಸುವ ಪದ್ಧತಿ ಎಲ್ಲಿಂದ ಬಂತೆಂದು ಆಗ ಹಿಂದಕ್ಕೆ ಹುಡುಕಿಕೊಂಡು ಹೋದೆ. ಋಗ್ವೇದಿಗಳ ಮನೆಯ ಕರ್ಮಗಳನ್ನು ಹೇಳುವ ಆಶ್ವಲಾಯನ ಗೃಹ್ಯಸೂತ್ರದಲ್ಲಿ ಇದಕ್ಕೊಂದು ಪುಟ್ಟ ವಿಧಿಯಿದೆ. ವಾಸ್ತೋಷ್ಪತಿಗೆ, ಎಂದರೆ ಮನೆಯ ನೆಲಕ್ಕೆ ಒಡೆಯನಾದ ದೇವತೆಗೆ, ನಾಲ್ಕು ಮಂತ್ರಗಳಿಂದ ಆಹುತಿ ಕೊಡಬೇಕು. ಅನ್ನ ಮಾಡಿ ಬ್ರಾಹ್ಮಣರಿಗೆ ಬಡಿಸಬೇಕು. ಆಮೇಲೆ ಈ ನೆಲ ಮಂಗಳಕರ, ಈ ನೆಲ ಮಂಗಳಕರ ಎಂದು ಅವರ ಬಾಯಲ್ಲಿ ಹೇಳಿಸಬೇಕು. ಅಷ್ಟೇ. ಸೂತ್ರಕಾರರ ಜಾಣತನ ನೋಡಿ. ಊಟ ಮೊದಲು, ಆಶೀರ್ವಾದ ಆಮೇಲೆ. ಮಾತಂತೂ ಒಂದೇ ವಾಕ್ಯ, ಎರಡು ಸಲ. ನಾವೀಗ ಕ್ರಮವನ್ನು ತಿರುವಿ, ವಾಕ್ಯವನ್ನು ಭಾಷಣ ಮಾಡಿಕೊಂಡಿದ್ದೇವೆ.

ಆ ನಾಲ್ಕು ಮಂತ್ರಗಳು ಋಗ್ವೇದದ ಏಳನೆಯ ಮಂಡಲದವು. ವಸಿಷ್ಠರ ಮನೆತನಕ್ಕೆ ಸೇರಿದ ಮಂಡಲ ಅದು. ಮೂರು ಮಂತ್ರ 54ನೆಯ ಸೂಕ್ತದ್ದು, ಇನ್ನೊಂದು 55ರ ಮೊದಲನೆಯದು. ಕೇಳುವುದೆಲ್ಲ ನೆಲದ ಮೇಲಿನ ಸಂಗತಿ: ನಮ್ಮನ್ನು ಗುರುತು ಹಿಡಿ, ಒಳಗೆ ಬರುವುದು ಸುಗಮವಾಗಲಿ, ರೋಗ ಬಾರದಿರಲಿ, ಎರಡು ಕಾಲಿನವಕ್ಕೂ ನಾಲ್ಕು ಕಾಲಿನವಕ್ಕೂ ಒಳ್ಳೆಯದಾಗಲಿ, ತಂದೆ ಮಕ್ಕಳನ್ನು ಕಂಡಂತೆ ನಮ್ಮನ್ನು ಕಾಣು. ಇಲ್ಲಿ ವೈರಾಗ್ಯದ ಸುಳಿವೇ ಇಲ್ಲ. ಅದಕ್ಕಿಂತ ಸೊಗಸು 55ನೆಯ ಸೂಕ್ತದ ಮುಂದಿನ ಭಾಗ. ಅಲ್ಲಿ ಋಷಿ ಬೊಗಳುವ ನಾಯಿಯೊಂದಕ್ಕೆ ಸಮಾಧಾನ ಹೇಳುತ್ತಾನೆ. ಬೊಗಳುವುದಾದರೆ ಕಳ್ಳನನ್ನು ಬೊಗಳು, ಈಗ ಮಲಗು ಎನ್ನುತ್ತಾನೆ. ತಾಯಿ ಮಲಗಲಿ, ತಂದೆ ಮಲಗಲಿ, ನಾಯಿ ಮಲಗಲಿ, ಸುತ್ತಲಿನ ಜನವೂ ಮಲಗಲಿ ಎಂದು ಮನೆಮಂದಿಗೆಲ್ಲ ಜೋಗುಳ ಹಾಡುತ್ತಾನೆ. ಮನೆಯಿಂದ ಮನುಷ್ಯ ಬಯಸುವುದು ಕೊನೆಗೂ ಒಳ್ಳೆಯ ನಿದ್ದೆಯನ್ನು. ಕಂತು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಎರಡು ಮಾತಿಗೆ ಇಷ್ಟು ಸಾಮಗ್ರಿ ಸಾಕೆನಿಸಿತು. ಹೊತ್ತಿನ ಲೆಕ್ಕ ಮಾತ್ರ ಬೇರೆ ಹಾಕಬೇಕಿತ್ತು. ಹಿಂದಿನ ರಾತ್ರಿ ವಾಸ್ತುಹೋಮ, ಬೆಳಗಿನ ಜಾವ ಹಸು–ಕರು ಒಳಗೆ ಬಂದದ್ದು, ಹಾಲು ಉಕ್ಕಿಸಿದ್ದು, ಬಳಿಕ ನವಗ್ರಹಹೋಮ, ಸತ್ಯನಾರಾಯಣ ಪೂಜೆ. ಮಂಗಳಾರತಿಯಾಗಿ ಎಲ್ಲರ ಕೈಗೂ ಅಕ್ಷತೆ ಬಂದ ಮೇಲೆ, ಅದನ್ನು ಹಾಕುವ ಮೊದಲು ಸಿಗುವ ಸಂದಿಯೇ ಮಾತಾಡುವವನ ಜಾಗ. ಅಲ್ಲಿ ಗಡಿಯಾರ ಬೇಕಿಲ್ಲ, ಅಕ್ಷತೆಯೇ ಹೇಳುತ್ತದೆ. ತುಪ್ಪ, ಅರಿಶಿನ ಕಲಸಿದ ಅಕ್ಕಿ ಮುಚ್ಚಿದ ಮುಷ್ಟಿಯಲ್ಲಿ ಬಿಸಿಗೆ ಬೆವರಿ ಅಂಗೈಗೆ ಹತ್ತಿಕೊಳ್ಳುತ್ತದೆ. ಮೂರು ನಿಮಿಷಕ್ಕೆ ಜನ ಕೈ ಬದಲಾಯಿಸುತ್ತಾರೆ. ಐದಕ್ಕೆ ಮಕ್ಕಳು ಒಂದೊಂದೇ ಕಾಳು ಎಸೆಯಲು ಶುರುಮಾಡುತ್ತಾರೆ. ಅದಕ್ಕೂ ಮೀರಿದರೆ ದೊಡ್ಡವರೇ ಮಾತಿನ ನಡುವೆ ಅಕ್ಷತೆ ಹಾಕಿ ಎಲೆಯ ಕಡೆ ನಡೆಯುತ್ತಾರೆ.

ಇದ್ದ ಪದ್ಯ ಒಗ್ಗದಿದ್ದರೆ ಹೊಸೆದುಕೊಳ್ಳುವುದೇ ಸರಿಯೆಂದು ತ್ರಿಪದಿಗೆ ಮೊರೆಹೋದೆ. ಮನೆಗೆಲಸದ ಹೆಂಗಸರು ಬೀಸುತ್ತ ಕುಟ್ಟುತ್ತ ಸಾವಿರಾರು ಕಟ್ಟಿದ ಮಟ್ಟು ಅದು. ಸಭೆಗೂ ಅನುಕೂಲ. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುವುದರಿಂದ ಹಿಂದೆ ನಿಂತವರಿಗೂ ಇನ್ನೊಮ್ಮೆ ಕೇಳುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿದರೆ ಹೇಳುವವನಿಗೂ ಮರೆಯುವುದಿಲ್ಲ. ಮಾತು ಹೀಗೆ ಆರಂಭವಾಯಿತು:

“ಎಲ್ಲರಿಗೂ ನಮಸ್ಕಾರ. ಈ ಮನೆಗೆ ಮೊದಲು ಬಂದದ್ದು ಹಸು, ಆಮೇಲೆ ಉಕ್ಕಿದ್ದು ಹಾಲು. ಹಾಗಾಗಿ ಮೊದಲ ಪದ ಹಾಲಿನದು.

ಹಾಲುಕ್ಕಿ ಹರಿದಂತೆ ಬಾಳುಕ್ಕಿ ಹರಿಯಾಲಿ
ಮೇಲಿರುವ ಶಿವನೆ ಮನೆಗಿಳಿದು ಬಾರಯ್ಯ
ಸಾಲಿನಲಿ ಕೂತು ಉಣಬಾರೊ

ದೇವರನ್ನು ಗೂಡಿನಲ್ಲಿ ಕೂರಿಸಿ ಬಾಗಿಲು ಹಾಕಬೇಡಿ, ಪಂಕ್ತಿಯಲ್ಲಿ ಎಲೆ ಹಾಕಿ. ಈ ಮನೆ ಮುಖ್ಯರಸ್ತೆಯ ಪಕ್ಕದಲ್ಲಿದೆ, ಬಸ್ಸಿನ ಸದ್ದು ಜಾಸ್ತಿ ಎಂದು ಬೆಳಗಿನಿಂದ ಹಲವರು ಹೇಳಿದಿರಿ. ಸಂತೆಯ ನಡುವೆ ಮನೆ ಮಾಡಿದ ಮೇಲೆ ಸದ್ದಿಗೆ ನಾಚಿದರಾಗದು ಎಂದು ಅಕ್ಕಮಹಾದೇವಿ 12ನೆಯ ಶತಮಾನದಲ್ಲೇ ಹೇಳಿಟ್ಟಿದ್ದಾಳೆ. ಅವಳು ಹೇಳಿದ್ದು ಲೋಕದ ಸ್ತುತಿ–ನಿಂದೆಗಳ ಮಾತು. ಈ ಮನೆಯ ಯಜಮಾನಿಗೆ ಆ ಸಮಾಧಾನ ಹುಟ್ಟಿನಿಂದಲೇ ಇದೆ, ಮನೆ ಕಟ್ಟುವಾಗ ನೋಡಿದ್ದೇನೆ. ಎರಡನೆಯ ಪದ ಅವಳ ಜೊತೆ ಬಿಸಿಲಲ್ಲಿ ನಿಂತವರಿಗೆ.

ಕಟ್ಟೀದ ಕೈಗಳಿಗೆ ತಟ್ಟೀದ ಮಣ್ಣೀಗೆ
ಇಟ್ಟೀಗೆ ಹೊತ್ತ ನೆತ್ತೀಗೆ ನೆರಳಾಗು
ಬಿಟ್ಟಿರದೆ ಹರನೆ ಕಾಪಾಡು

ಗಾರೆ ಕೆಲಸದ ಮೇಸ್ತ್ರಿ, ಬಡಗಿ, ಕಾಂಕ್ರೀಟು ಹೊತ್ತ ಹೆಂಗಸರು, ಎಲ್ಲರೂ ಇಲ್ಲೇ ಇದ್ದಾರೆ. ಅವರ ಕೈಯ ಅಕ್ಷತೆಯೂ ಮನೆಯವರ ತಲೆ ಮೇಲೆ ಬೀಳಲಿ. ಶಿವನನ್ನು ಎರಡು ಸಲ ಕರೆದೆ, ಕೊನೆಯದು ಹರಿಗೆ.

ಬಾಗೀಲು ತೆರೆದಿರಲಿ ಬೀಗಾರು ಬರುತಿರಲಿ
ಕೂಗಿದರೆ ನೆರೆಯು ಓಗೊಡಲಿ ಒಡನೆಯೇ
ಸಾಗಿಸೋ ಹರಿಯೆ ಸುಖವಾಗಿ

ಈ ಮನೆಯಲ್ಲಿ ತಾಯಿಗೆ ನಿದ್ದೆ ಬರಲಿ, ಮಗಳಿಗೆ ನಿದ್ದೆ ಬರಲಿ, ನಾಯಿಗೂ ಬರಲಿ. ಈ ನೆಲ ಮಂಗಳಕರ. ಈ ನೆಲ ಮಂಗಳಕರ.”

‘ಬೀಗಾರು’ ಎಂದಾಗ ಸೊಸೆ ನನ್ನ ಕಡೆ ಹುಬ್ಬೇರಿಸಿದಳು. ಪ್ರಾಸಕ್ಕೆ ಬಂತಮ್ಮ ಎಂದು ಆಮೇಲೆ ಹೇಳಿದೆ. ನಂಬಿದಂತೆ ಕಾಣಲಿಲ್ಲ. ಮೇಸ್ತ್ರಿ ಮಾತ್ರ ಬಾಗಿಲ ಬಳಿಯಿಂದ ಮುಂದೆ ಬಂದು, ಬೆರಳ ಸಂದಿಯಲ್ಲಿ ಹತ್ತಿಕೊಂಡಿದ್ದ ಅಕ್ಕಿಯನ್ನು ಇನ್ನೊಂದು ಕೈಯಿಂದ ಬಿಡಿಸಿ ಬಿಡಿಸಿ ಅಕ್ಕನ ತಲೆಗೂ ಅವಳ ತಲೆಗೂ ಹಾಕಿದರು. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಅವರನ್ನು ಕೂರಿಸಿದರು.

ನಿಮಗೂ ನಾಳೆ ಯಾರಾದರೂ ‘ಎರಡು ಮಾತು’ ಎಂದು ಹೇಳಿಕಳಿಸಿದರೆ ಮೂರು ಕೆಲಸ ಮಾಡಿ. ಆ ಮನೆಯಲ್ಲಿ ಯಾರು ಯಾರು ಇರುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಆರಿಸಿದ ಪದ ಎಷ್ಟೇ ಪ್ರಸಿದ್ಧವಾಗಿದ್ದರೂ ಪಲ್ಲವಿಯಲ್ಲೇ ನಿಲ್ಲದೆ ಕೊನೆಯ ಚರಣದವರೆಗೂ ಓದಿ ನೋಡಿ. ಮಾತಾಡುವಾಗ ಜನರ ಮುಖಕ್ಕಿಂತ ಅವರ ಮುಷ್ಟಿಯ ಮೇಲೆ ಕಣ್ಣಿಡಿ. ಕೈ ಬದಲಾಯಿಸಿದರೆಂದರೆ ನಿಮ್ಮ ಆಶೀರ್ವಾದ ಮುಗಿಯಿತು, ಕೂತುಕೊಳ್ಳಿ.